ಬಿಲ್‌ಗಳನ್ನು ಕಾಪಾಡಬೇಕಾದ ಅವಧಿ

"ಗದಗದಲ್ಲಿ ಅಂಗಡಿ ಇದೆ. 2021-22ರ ಖರೀದಿ ಬಿಲ್‌ಗಳಿಗೆ ಆರು ವರ್ಷ ಆದಮೇಲೆ ಸ್ಕ್ಯಾನ್ ಮಾಡಿ ಕಾಗದ ತೆಗೆಯಬಹುದೇ?"

ತಾವು ಬಿಲ್ಲಿನ ದಿನಾಂಕದಿಂದ ಎಣಿಸಿದಂತೆ ತೋರುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇದ್ದ ಕೊನೆಯ ದಿನದಿಂದ 72 ತಿಂಗಳು ಎಣಿಸಬೇಕು. 2021-22ಕ್ಕೆ ಅದು 31 ಡಿಸೆಂಬರ್ 2022 ಆಗಿದ್ದರಿಂದ, ದಾಖಲೆಗಳು 31 ಡಿಸೆಂಬರ್ 2028ರವರೆಗೆ ಇರಲೇಬೇಕು. ಮೇಲ್ಮನವಿಯೋ ತನಿಖೆಯೋ ನಡೆದಿದ್ದರೆ ಅವಧಿ ಇನ್ನೂ ಮುಂದೆ ಹೋಗಬಹುದು, ಅದನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ಕಾಗದವನ್ನೂ ಉಳಿಸಿಕೊಳ್ಳುವುದೇ ಕ್ಷೇಮ.

ಸ್ಕ್ಯಾನ್ ಮಾಡುವಾಗ ಅಕ್ಷರ ಮಾಸುವ ಥರ್ಮಲ್ ಕಾಗದದ ಬಿಲ್‌ಗಳನ್ನು ಮೊದಲು ತೆಗೆದುಕೊಳ್ಳಿ. ಕಡತಕ್ಕೆ ದಿನಾಂಕ, ಮಾರಿದವರ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ ಸೇರಿಸಿ ಹೆಸರಿಡಿ. ಬಿಲ್ ಸಂಖ್ಯೆಯಲ್ಲಿ ಓರೆಗೆರೆ ಇದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ, ಅಡ್ಡಗೆರೆ ಹಾಕಿ. ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಅಂಗಡಿಯ ಹೊರಗಿಟ್ಟು, ಪ್ರತಿ ವರ್ಷ ಕೆಲವು ಕಡತಗಳನ್ನು ತೆರೆದು ಓದಲು ಬರುತ್ತದೆಯೇ ಎಂದು ನೋಡಿ.