ಐದು ವಾರ ತಪ್ಪಿದ ಕರಾರು ಕಾನೂನು: ಒಂದು ಆಪ್ತಸಲಹೆ ಪ್ರಕರಣ

ಮೂರು ವರ್ಷದ ಎಲ್‌ಎಲ್‌ಬಿಯ ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ. ಊರು ಸಕಲೇಶಪುರದ ಕಡೆ, ಓದು ಹಾಸನದಲ್ಲಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ. ಕಾಫಿ ಕೊಯ್ಲಿನ ಹೊತ್ತಿಗೇ ತಂದೆ ಆಸ್ಪತ್ರೆ ಸೇರಿದ್ದರಿಂದ ಐದು ವಾರ ಊರಲ್ಲೇ ಉಳಿದಿದ್ದಳು. ಪರೀಕ್ಷೆಗೆ ಆರು ವಾರ ಇತ್ತು. "ಮೇಡಂ, ಕಾಂಟ್ರಾಕ್ಟ್ ಮೊದಲಿಂದ ಓದ್ಕೊಂಡು ಬರೋಕೆ ಆಗಲ್ಲ, ಯಾವುದು ಬಿಡಲಿ?" ಎಂಬುದು ಅವಳ ಪ್ರಶ್ನೆ.

ಅದಕ್ಕೆ ಮುಂಚೆ ಹಾಜರಾತಿಯ ಲೆಕ್ಕ ಆಗಬೇಕಿತ್ತು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿ ಕೇಳುತ್ತವೆ. ಒಂದು ವಿಷಯದಲ್ಲಿ ಶೇ. 65ಕ್ಕೆ ಇಳಿದರೂ ವಿನಾಯಿತಿ ಕೊಡಲು ಅವಕಾಶವಿದೆ, ಆದರೆ ಆಗ ಎಲ್ಲ ವಿಷಯ ಸೇರಿಸಿ ಶೇ. 70 ಇರಬೇಕು. ಎಲ್ಲ ವಿಷಯವೂ ಒಟ್ಟಿಗೇ ತಪ್ಪಿದವರಿಗೆ ಈ ವಿನಾಯಿತಿ ಸಿಗುವುದು ಕಷ್ಟ. ಕರಾರು ಕಾನೂನಿನಲ್ಲಿ ಆವರೆಗೆ 52 ತರಗತಿ ನಡೆದು, ಅವಳು 32ಕ್ಕೆ ಹಾಜರಿದ್ದಳು. ಇನ್ನು 16 ಬಾಕಿ. ಅಷ್ಟಕ್ಕೂ ಹೋದರೆ 68ಕ್ಕೆ 48, ಅಂದರೆ ಶೇ. 70.6. ಒಂದು ತಪ್ಪಿದರೂ ಶೇ. 69.1. ಹಾಗಾಗಿ ಹಾಸ್ಟೆಲ್‌ನಲ್ಲಿ ಕೂತು ಹಳೆಯ ಪಾಠ ಮುಗಿಸಲು ತರಗತಿ ಬಿಡುವ ಅವಳ ಯೋಜನೆಯನ್ನು ಅಲ್ಲಿಗೇ ಕೈಬಿಡಿಸಿದೆವು. ಓದಿಗೆ ಉಳಿದದ್ದು ಸಂಜೆ ಎರಡು ಗಂಟೆ ಮತ್ತು ಭಾನುವಾರ.

ಹಳೆಯ ಎಂಟು ಪ್ರಶ್ನೆಪತ್ರಿಕೆ ತಂದಿದ್ದಳು. ಪದೇ ಪದೇ ಬಂದ ಹತ್ತು ವಿಷಯಗಳ ಪಟ್ಟಿಯನ್ನೂ ಮಾಡಿದ್ದಳು. ಶ್ರಮ ಸರಿ, ಎಣಿಸಿದ ರೀತಿ ಸರಿಯಿಲ್ಲ. ಆ ಪತ್ರಿಕೆಗಳಲ್ಲಿ ಐದು ಘಟಕಗಳಿದ್ದು, ಐದೂ ಕಡ್ಡಾಯ. ಪ್ರತಿ ಘಟಕದಲ್ಲಿ ಎರಡು ಪ್ರಬಂಧ ಪ್ರಶ್ನೆಗಳಲ್ಲಿ ಒಂದು, 10 ಅಂಕಕ್ಕೆ. ಎರಡು ಲಘು ಟಿಪ್ಪಣಿ ಅಥವಾ ಸಮಸ್ಯೆಗಳಲ್ಲಿ ಒಂದು, 6 ಅಂಕಕ್ಕೆ. ಪ್ರಸ್ತಾಪ, ಸ್ವೀಕೃತಿ, ಪ್ರತಿಫಲ ಎಷ್ಟೇ ಸಲ ಬಂದಿದ್ದರೂ ಆ ಘಟಕ ಕೊಡುವುದು 16 ಅಂಕ ಮಾತ್ರ. ಅವಳ ಪಟ್ಟಿಯಲ್ಲಿ ಕೊನೆಯ ಘಟಕವಾದ ನಿರ್ದಿಷ್ಟ ಪರಿಹಾರ ಅಧಿನಿಯಮದ ಹೆಸರೇ ಇರಲಿಲ್ಲ. ಅಲ್ಲಿಗೆ 16 ಅಂಕ ಹೋದಂತೆ.

ಹಾಗಾಗಿ ಪಟ್ಟಿಯನ್ನು ಹೊಸದಾಗಿ, ಘಟಕವಾರು ಮಾಡಿಸಿದೆವು. ಘಟಕಕ್ಕೊಂದು ಹಾಳೆ, ಅದರಲ್ಲಿ ಎರಡು ಕಾಲಂ: ಪ್ರಬಂಧವಾಗಿ ಎಷ್ಟು ಸಲ, ಟಿಪ್ಪಣಿಯಾಗಿ ಎಷ್ಟು ಸಲ. ತೀರಾ ಇತ್ತೀಚಿನ ಪತ್ರಿಕೆಯನ್ನು ಎಣಿಸದೆ ಎತ್ತಿಡಲು ಹೇಳಿದೆವು. ಪರಿಹಾರಗಳ ಘಟಕದಲ್ಲಿ ಪ್ರಬಂಧದ ಜಾಗಕ್ಕೆ ಮೂರೇ ವಿಷಯ ಸರದಿಯಲ್ಲಿ ಬರುತ್ತಿದ್ದವು: ಭಾರತೀಯ ಕರಾರು ಅಧಿನಿಯಮದ 73ನೇ ಕಲಮಿನ ನಷ್ಟಪರಿಹಾರ, 56ನೇ ಕಲಮಿನ ಅಸಾಧ್ಯತೆ, ಕರಾರು ಉಲ್ಲಂಘನೆಯ ಬಗೆಗಳು. ಮೂರರಲ್ಲಿ ಎರಡನ್ನು ಕೇಳುತ್ತಾರೆ, ಬರೆಯಬೇಕಾದ್ದು ಒಂದು. ಅಂದರೆ ಎರಡನ್ನು ಗಟ್ಟಿಮಾಡಿಕೊಂಡರೆ ಒಂದಾದರೂ ಸಿಕ್ಕೇ ಸಿಗುತ್ತದೆ. ಸರದಿಯಲ್ಲಿ ನಾಲ್ಕಿದ್ದರೆ ಮೂರು ಬೇಕು. ಎಷ್ಟು ಬಿಡಬಹುದು ಎಂಬುದಕ್ಕೆ ಉತ್ತರ ಇದೇ: ಘಟಕಕ್ಕೊಂದು ಪ್ರಬಂಧ ವಿಷಯ, ಅದಕ್ಕಿಂತ ಹೆಚ್ಚಿಲ್ಲ. ಸರದಿಗೆ ಹೊರಗಿನ ಪ್ರಶ್ನೆ ಬಂದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಎತ್ತಿಟ್ಟ ಪತ್ರಿಕೆ ಅದನ್ನು ಪರೀಕ್ಷಿಸಲಿಕ್ಕೇ.

ಬರೆಯುವ ಅಭ್ಯಾಸಕ್ಕೆ ಒಂದು ಘಟಕಕ್ಕೆ 36 ನಿಮಿಷ, ಅಂದರೆ ಮೂರು ಗಂಟೆಯಲ್ಲಿ ಐದನೇ ಒಂದು ಭಾಗ. ಪ್ರಬಂಧಕ್ಕೆ 22, ಟಿಪ್ಪಣಿಗೆ 14. ಮೊದಲ ಸಲ ಬರೆದಾಗ ನಷ್ಟಪರಿಹಾರಕ್ಕೇ 40 ನಿಮಿಷ ಹಿಡಿಯಿತು. ಕರಾರಿನ ವ್ಯಾಖ್ಯೆಯಿಂದ ಶುರುಮಾಡಿ ಎರಡು ಪುಟ ಪೀಠಿಕೆಯೇ ಆಗಿತ್ತು. 73ನೇ ಕಲಮಿನ ಸಾರ, ಅದರ ಬೆನ್ನಿಗೆ 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ತೀರ್ಪಿನ ಎರಡು ಭಾಗ (ಉಲ್ಲಂಘನೆಯಿಂದ ಸಹಜವಾಗಿ ಆಗುವ ನಷ್ಟ, ಕರಾರಿನ ವೇಳೆ ಇಬ್ಬರಿಗೂ ಗೊತ್ತಿದ್ದ ನಷ್ಟ), ಆಮೇಲೆ ದೂರದ ನಷ್ಟಕ್ಕೆ ಪರಿಹಾರವಿಲ್ಲ ಎಂಬುದು, ಕೊನೆಗೆ 74ನೇ ಕಲಮು: ಈ ಕ್ರಮಕ್ಕೆ ತಂದ ಮೇಲೆ ಸಮಯದೊಳಗೆ ಮುಗಿಯಿತು. ಸಮಸ್ಯೆಗಳಲ್ಲಿ ಅವಳು ತೀರ್ಮಾನವನ್ನೇ ಬರೆಯುತ್ತಿರಲಿಲ್ಲ. ಅಪ್ರಾಪ್ತನೊಬ್ಬ ಮನೆ ಅಡಮಾನ ಇಟ್ಟ ಪ್ರಶ್ನೆಗೆ 11ನೇ ಕಲಮು, 1903ರ ಮೊಹೊರಿ ಬೀಬಿ ಪ್ರಕರಣ ಎರಡೂ ಇದ್ದವು. "ಆದ್ದರಿಂದ ಅಡಮಾನ ಶೂನ್ಯ" ಎಂಬ ಸಾಲು ಮಾತ್ರ ಇರಲಿಲ್ಲ.

ಹಳೆಯ ಪತ್ರಿಕೆಯ ಜೊತೆ ಹಳೆಯ ಉತ್ತರವನ್ನೂ ನಂಬುವುದು ಇನ್ನೊಂದು ಅಪಾಯ. ಸೀನಿಯರ್‌ಗಳಿಂದ ಬಂದ ಜೆರಾಕ್ಸ್ ನೋಟ್ಸ್‌ನಲ್ಲಿ ಕರಾರಿನ ನಿರ್ದಿಷ್ಟ ಪಾಲನೆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದಿತ್ತು. ನಿರ್ದಿಷ್ಟ ಪರಿಹಾರ ಅಧಿನಿಯಮದ 2018ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದು, 10ನೇ ಕಲಮಿನಲ್ಲಿ ನಿರ್ದಿಷ್ಟ ಪಾಲನೆಯನ್ನೇ ಸಾಮಾನ್ಯ ನಿಯಮವನ್ನಾಗಿಸಿದೆ; ವಿನಾಯಿತಿಗಳು 11(2), 14, 16ನೇ ಕಲಮುಗಳಲ್ಲಿವೆ. ಪ್ರಶ್ನೆ ಹಳೆಯದೇ ಇರಬಹುದು, ಉತ್ತರವನ್ನು ಈಗಿನ ಅಧಿನಿಯಮ ತೆರೆದು ಬರೆಯಬೇಕು. ಅಪರಾಧ ಕಾನೂನಿನ ಪತ್ರಿಕೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯ: 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಕಲಮುಗಳ ಸಂಖ್ಯೆಯೇ ಬದಲಾಗಿದೆ.

ನಾಲ್ಕನೇ ವಾರದ ಭಾನುವಾರ ಎತ್ತಿಟ್ಟ ಪತ್ರಿಕೆಯನ್ನು ಬರೆಸಿದೆವು. ನಾಲ್ಕು ಘಟಕಗಳಲ್ಲಿ ಅವಳು ಓದಿದ್ದ ಪ್ರಬಂಧ ಸಿಕ್ಕಿತು. ಎರಡನೆಯದರಲ್ಲಿ ಎರಡೂ ಸರದಿಯ ಹೊರಗಿನವು. ಆ ಘಟಕದಲ್ಲಿ ಮುಕ್ತ ಸಮ್ಮತಿಯನ್ನು ಕೆಡಿಸುವ ಅಂಶಗಳನ್ನು ಅವಳು ಒಂದೇ ವಿಷಯವೆಂದು ಎಣಿಸಿದ್ದಳು. ಒತ್ತಾಯ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆಗಳನ್ನು ಬೇರೆ ಬೇರೆಯಾಗಿ ಬಿಡಿಸಿ ಹಾಳೆಗೆ ಸೇರಿಸಿ, ಉಳಿದ ಎರಡು ವಾರದ ಸಂಜೆಗಳಲ್ಲಿ ಮೊದಲ ನಾಲ್ಕನ್ನು ಅದಕ್ಕೇ ಮೀಸಲಿಟ್ಟೆವು.