ಅರ್ಧ ಲಾಭಕ್ಕೆ ಸ್ಪ್ರೆಡ್ ಕ್ಲೋಸ್ ಮಾಡಿದರೆ ಗೆಲುವಿನ ಪ್ರಮಾಣ ಏರುವುದೇಕೆ?

ಪ್ರಶ್ನೆ: ಕ್ರೆಡಿಟ್ ಸ್ಪ್ರೆಡ್‌ನಲ್ಲಿ ಗರಿಷ್ಠ ಲಾಭದ ಅರ್ಧ ಬಂದ ಕೂಡಲೇ ಹೊರಗೆ ಬರಬೇಕು ಅಂತಾರೆ. ಬ್ಯಾಕ್‌ಟೆಸ್ಟ್ ಮಾಡಿ ನೋಡಿದೆ, ಗೆಲ್ಲೋ ಟ್ರೇಡ್‌ಗಳು 80%ರಿಂದ 89%ಕ್ಕೆ ಏರಿದವು. ಅಂದ್ರೆ ನಿಯಮ ಸರಿ ಅಂತ ಸಾಬೀತಾಯ್ತು ಅಲ್ವಾ?

ಉತ್ತರ: ಇಲ್ಲ, ಇಷ್ಟರಿಂದ ಸಾಬೀತಾಗಲ್ಲ. ಮಾರುಕಟ್ಟೆಯಲ್ಲಿ ನಿಮಗೆ ಎಳ್ಳಷ್ಟೂ ಅನುಕೂಲ ಇಲ್ಲದಿದ್ದರೂ ಆ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಏರುತ್ತೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡೋಣ.

ಒಂದು ಆಪ್ಷನ್ ಮಾರಿ, ರಕ್ಷಣೆಗೆ ಅದಕ್ಕಿಂತ ಅಗ್ಗದ ಇನ್ನೊಂದನ್ನು ಕೊಂಡು, ಎರಡು ಸ್ಟ್ರೈಕ್‌ಗಳ ನಡುವೆ 10 ಪಾಯಿಂಟ್ ಅಂತರವಿರುವ ಸ್ಪ್ರೆಡ್ ಮಾರಿದ್ದೀರಿ, ಕೈಗೆ ಬಂದ ಪ್ರೀಮಿಯಂ 2 ಪಾಯಿಂಟ್. ಹೆಚ್ಚೆಂದರೆ 2 ಗಳಿಸಬಹುದು, ಹೆಚ್ಚೆಂದರೆ 8 ಕಳೆದುಕೊಳ್ಳಬಹುದು. ಲೆಕ್ಕ ಸುಲಭವಾಗಲಿ ಅಂತ ಎರಡು ಮಾತು ಒಪ್ಪಿಕೊಳ್ಳೋಣ. ಎಕ್ಸ್‌ಪೈರಿ ದಿನ ಸ್ಪ್ರೆಡ್‌ನ ಬೆಲೆ 0 ಆಗುತ್ತೆ ಅಥವಾ 10 ಆಗುತ್ತೆ, ಮಧ್ಯದಲ್ಲಿ ನಿಲ್ಲಲ್ಲ. ಮತ್ತೆ, ಆಪ್ಷನ್‌ನ ಬೆಲೆ ಯಾರ ಕಡೆಗೂ ವಾಲದೆ ಸರಿಯಾಗಿದೆ.

ಇಂಥ 900 ಟ್ರೇಡ್ ಮಾಡಿದಿರಿ ಅಂದುಕೊಳ್ಳಿ. ಎಲ್ಲವನ್ನೂ ಕೊನೆತನಕ ಹಿಡಿದರೆ 720 ಗೆಲ್ಲುತ್ತವೆ, 180 ಪೂರ್ತಿ ಸೋಲುತ್ತವೆ. ಬಂದಿದ್ದು 1440, ಹೋಗಿದ್ದೂ 1440. ಈಗ ಸ್ಪ್ರೆಡ್‌ನ ಬೆಲೆ 2ರಿಂದ 1ಕ್ಕೆ ಇಳಿದ ಕೂಡಲೇ ಕ್ಲೋಸ್ ಮಾಡುವ ನಿಯಮ ಹಾಕಿ. 800 ಟ್ರೇಡ್ ಆ ಅರ್ಧದ ಗೆರೆ ಮುಟ್ಟುತ್ತವೆ, 100 ಮುಟ್ಟದೆ ಸೋಲುತ್ತವೆ. ಬಂದಿದ್ದು 800, ಹೋಗಿದ್ದು 800. ಗೆಲುವು 80%ರಿಂದ 89% ಹತ್ತಿರಕ್ಕೆ ಹೋಯ್ತು, ಕೈಯಲ್ಲಿ ಉಳಿದಿದ್ದು ಮಾತ್ರ ಎರಡೂ ಸಲ ಸೊನ್ನೆ.

ಆಗಿದ್ದೇನು? ಗೆರೆ ಮುಟ್ಟಿದ 800ರಲ್ಲಿ 80 ಟ್ರೇಡ್‌ಗಳು ಆಮೇಲೆ ತಿರುಗಿ ಬಿದ್ದು ನಷ್ಟಕ್ಕೆ ಹೋಗೋ ಗಿರಾಕಿಗಳು. ಅವುಗಳಿಂದ ನೀವು ಪಾರಾದಿರಿ. ಅದಕ್ಕೆ ಬದಲಾಗಿ ಉಳಿದ 720ರಲ್ಲೂ ತಲಾ 1 ಪಾಯಿಂಟ್ ಬಿಟ್ಟುಕೊಟ್ಟಿರಿ. 80 ಟ್ರೇಡ್‌ಗಳಲ್ಲಿ ತಲಾ 9 ಉಳಿಸಿದ್ದು 720, ಬಿಟ್ಟುಕೊಟ್ಟಿದ್ದೂ 720. ಗಣಿತದಲ್ಲಿ ಇದಕ್ಕೆ ಆಪ್ಷನಲ್ ಸ್ಟಾಪಿಂಗ್ ಥಿಯರಂ ಅಂತಾರೆ: ಆಟ ಸಮಸಮ ಇದ್ದರೆ, ಯಾವಾಗ ಎದ್ದು ಹೋಗಬೇಕು ಅನ್ನೋ ನಿಯಮ ಬದಲಿಸಿ ಸರಾಸರಿ ಲಾಭ ಹುಟ್ಟಿಸೋಕೆ ಆಗಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಕೊನೆತನಕ ಹಿಡಿಯುವವರಿಗೆ ಅಸಲು ಉಳಿಯೋಕೆ 80% ಗೆಲುವು ಸಾಕು. ಅರ್ಧಕ್ಕೆ ಹೊರಬರುವವರಿಗೆ 88.9% ಬೇಕು. ನಿಮ್ಮ 89% ನಿಮಗೆ ಎಷ್ಟೇ ಖುಷಿ ಕೊಟ್ಟರೂ ಈ ಗೆರೆಯ ಮೇಲೇ ನಿಂತಿದೆ.

ಹಾಗಂತ ನಿಯಮ ದಂಡ ಅಂತ ನಾನು ಹೇಳ್ತಿಲ್ಲ. ಆಪ್ಷನ್ ಮಾರುವವರಿಗೆ ಸಿಗುವ ಅನುಕೂಲದ ಮೂಲವೇ ಬೇರೆ. ಇಂಡೆಕ್ಸ್ ಆಪ್ಷನ್‌ಗಳ ಬೆಲೆಯಲ್ಲಿ ಅಡಗಿರುವ ಇಂಪ್ಲೈಡ್ ವೊಲಾಟಿಲಿಟಿ, ನಂತರ ನಿಜವಾಗಿ ಆಗುವ ಏರಿಳಿತಕ್ಕಿಂತ ಸರಾಸರಿಯಲ್ಲಿ ಹೆಚ್ಚಿರುತ್ತೆ. ಗಳಿಕೆ ಬರೋದು ಆ ವ್ಯತ್ಯಾಸದಿಂದ. ಹಾಗಾಗಿ ಬ್ಯಾಕ್‌ಟೆಸ್ಟ್‌ಗೆ ಕೇಳಬೇಕಾದ ಪ್ರಶ್ನೆ ಇದು: ಅರ್ಧ ಮುಟ್ಟಿದ ಮೇಲೆ ಅದೇ ಟ್ರೇಡ್‌ನಲ್ಲಿ ಉಳಿದ ದಿನಗಳಿಗೆ ಸಿಗೋದು ಹೆಚ್ಚೋ, ಅದನ್ನು ಮುಚ್ಚಿ ಹೊಸದು ತೆರೆದರೆ ಅಷ್ಟೇ ದಿನಗಳಿಗೆ ಸಿಗೋದು ಹೆಚ್ಚೋ?

ಒಂದು ಕಾಲ್ಪನಿಕ ಲೆಕ್ಕ ಕೊಡ್ತೀನಿ. ಮೇಲಿನ ಸ್ಪ್ರೆಡ್ ಅನ್ನೇ ಎಕ್ಸ್‌ಪೈರಿಗೆ 45 ದಿನ ಇದ್ದಾಗ ಮಾರಿದ್ದೀರಿ. ಸ್ವಲ್ಪ ಅನುಕೂಲ ಇರೋದರಿಂದ ಕೊನೆಯಲ್ಲಿ ಸೋಲೋದು 20% ಬದಲು 18%. ಆಗ ಹಿಡಿದಿಟ್ಟ ಟ್ರೇಡ್‌ಗೆ ಸರಾಸರಿ 0.20 ಪಾಯಿಂಟ್ ಬರುತ್ತೆ. ಅರ್ಧದ ಗೆರೆಯನ್ನು 90.5% ಟ್ರೇಡ್‌ಗಳು ಮುಟ್ಟುತ್ತವೆ ಅಂದರೆ ಅರ್ಧದ ನಿಯಮಕ್ಕೆ ಸಿಗೋದು 0.145. ತಲಾ ಟ್ರೇಡ್‌ಗೆ ಕಮ್ಮಿ. ಆದರೆ ಗೆದ್ದವು, ಸೋತವು ಎಲ್ಲ ಸೇರಿ ಸರಾಸರಿ 25 ದಿನಕ್ಕೆ ಟ್ರೇಡ್ ಮುಗಿಯುತ್ತೆ ಅನ್ನಿ. ದಿನದ ಲೆಕ್ಕದಲ್ಲಿ ಹಿಡಿದಿಟ್ಟರೆ 0.0044, ಬೇಗ ಮುಚ್ಚಿದರೆ 0.0058. ಇಲ್ಲಿ ನಿಯಮ ಗೆದ್ದಿತು. ಇದು ನಿಂತಿರೋದು ಒಂದೇ ಷರತ್ತಿನ ಮೇಲೆ: ಬಿಡುಗಡೆಯಾದ ಮಾರ್ಜಿನ್ ಮರುದಿನವೇ ಅಷ್ಟೇ ಒಳ್ಳೆಯ ಇನ್ನೊಂದು ಟ್ರೇಡ್‌ಗೆ ಹೋಗಬೇಕು. ದುಡ್ಡು ಸುಮ್ಮನೆ ಕೂತರೆ ಆ ಮುನ್ನಡೆ ಇಲ್ಲ.

ಈಗ ಹೊರಬರುವ ಖರ್ಚು ಸೇರಿಸಿ. ಎರಡು ಲೆಗ್ ಮುಚ್ಚಬೇಕು, ಬಿಡ್-ಆಸ್ಕ್ ಅಂತರ ಮತ್ತು ಬ್ರೋಕರೇಜ್ ಸೇರಿ 0.10 ಪಾಯಿಂಟ್ ಹೋಗುತ್ತೆ ಅಂದುಕೊಳ್ಳಿ. ಈ ಖರ್ಚು ಗೆರೆ ಮುಟ್ಟಿ ಮುಚ್ಚುವ 90.5% ಟ್ರೇಡ್‌ಗಳಿಗೆ ಮಾತ್ರ, ಹಾಗಾಗಿ ಸರಾಸರಿ ಸುಮಾರು 0.09. 0.145 ಇದ್ದಿದ್ದು 0.055 ಆಗುತ್ತೆ, ದಿನಕ್ಕೆ 0.0022. ಕೊನೆತನಕ ಹಿಡಿದು ಬೆಲೆಯಿಲ್ಲದೆ ಮುಗಿದ ಸ್ಪ್ರೆಡ್‌ಗೆ ಈ ಬಿಡ್-ಆಸ್ಕ್ ಖರ್ಚೇ ಇಲ್ಲ. ಹತ್ತನೇ ಒಂದು ಪಾಯಿಂಟ್ ಇಡೀ ತೀರ್ಪನ್ನು ತಿರುಗಿಸಿಬಿಟ್ಟಿತು! ಅದಕ್ಕೇ ಬಿಡ್ ಮತ್ತು ಆಸ್ಕ್‌ನ ನಡುವಿನ ಮಿಡ್ ಬೆಲೆಗೇ ಆರ್ಡರ್ ಆಯ್ತು ಅಂತ ಲೆಕ್ಕ ಹಾಕೋ ಬ್ಯಾಕ್‌ಟೆಸ್ಟ್ ಅನ್ನು ನಾನು ಈ ವಿಷಯದಲ್ಲಿ ನಂಬಲ್ಲ. ನಿಮ್ಮದರಲ್ಲಿ ಮಿಡ್‌ನಿಂದ ಸ್ವಲ್ಪ ಸ್ವಲ್ಪ ದೂರ ಸರಿದು ಮತ್ತೆ ಓಡಿಸಿ ನೋಡಿ. ಎಷ್ಟು ಸರಿದಾಗ ಅರ್ಧದ ನಿಯಮದ ಮುನ್ನಡೆ ಕರಗುತ್ತೆ ಅನ್ನೋದೇ ನಿಮಗೆ ಬೇಕಾದ ಉತ್ತರ.

ಇನ್ನೊಂದು ವಿಷಯ. ಈ ನಿಯಮವನ್ನು ಮನೆಮಾತಾಗಿಸಿದ ಅಮೆರಿಕದ ಬ್ರೋಕರ್ ಟೇಸ್ಟಿಟ್ರೇಡ್‌ನವರ ಪ್ರಯೋಗಗಳಲ್ಲಿ ಸ್ಟ್ರ್ಯಾಂಗಲ್‌ಗಳಿಗೆ, ಅಂದರೆ ರಕ್ಷಣೆ ಕೊಳ್ಳದೆ ಒಂದು ಕಾಲ್ ಮತ್ತು ಒಂದು ಪುಟ್ ಮಾರುವ ಟ್ರೇಡ್‌ಗಳಿಗೆ, ದೊಡ್ಡ ಜಾಗ ಇದೆ. ಹಾಗೆ ಬರೀ ಮಾರಿದ ಆಪ್ಷನ್‌ನ ಬೆಲೆ ಬೇಗ ಕರಗುತ್ತೆ. ಸ್ಪ್ರೆಡ್‌ನಲ್ಲಿ ನೀವು ರಕ್ಷಣೆಗೆ ಕೊಂಡ ಲೆಗ್ಗೂ ಜೊತೆಗೇ ಕರಗುತ್ತಿರುತ್ತೆ, ಹಾಗಾಗಿ ಅರ್ಧ ಲಾಭ ತಡವಾಗಿ ಸಿಗುತ್ತೆ, ಸ್ಟ್ರೈಕ್‌ಗಳ ಅಂತರ ಚಿಕ್ಕದಾದಷ್ಟೂ ಹೀಗೆ. 45 ದಿನದ ಸ್ಪ್ರೆಡ್ 38ನೇ ದಿನ ಅರ್ಧ ಮುಟ್ಟಿದರೆ ಉಳಿತಾಯ ಒಂದು ವಾರ ಅಷ್ಟೇ. ಸ್ಟ್ರ್ಯಾಂಗಲ್‌ನ ಫಲಿತಾಂಶವನ್ನು ಹಾಗೇ ಎತ್ತಿ ಸ್ಪ್ರೆಡ್‌ಗೆ ಅಂಟಿಸೋದು ಇಲ್ಲೇ ಎಡವುತ್ತೆ.

ಟೆಸ್ಟ್‌ನಲ್ಲಿ 50% ಒಂದನ್ನೇ ನೋಡಬೇಡಿ, 40, 60, 75 ಕೂಡ ಓಡಿಸಿ. ಅಕ್ಕಪಕ್ಕದ ಸಂಖ್ಯೆಗಳೂ ಸುಮಾರು ಅದೇ ಫಲಿತಾಂಶ ಕೊಟ್ಟರೆ ಸರಿ. 50 ಮಾತ್ರ ಮಿಂಚಿದರೆ ಅದು ಆ ಅವಧಿಯ ಆಕಸ್ಮಿಕ. ಪ್ರತಿದಿನ ಒಂದು ಸ್ಪ್ರೆಡ್ ತೆರೆದು ಓಡಿಸಿದ್ದರೆ ಟ್ರೇಡ್‌ಗಳ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಒಂದೇ ಕುಸಿತದಲ್ಲಿ ಮೂವತ್ತು ಸ್ಪ್ರೆಡ್ ಒಟ್ಟಿಗೆ ಮುಳುಗಿದರೆ ಅದು ಮೂವತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ.

ನಾನೇನು ಮಾಡ್ತೀನಿ ಅಂದ್ರೆ, ಬಿಡ್-ಆಸ್ಕ್ ಅಂತರ ಕಿರಿದಾಗಿರೋ ಕಡೆ, ಅರ್ಧ ಲಾಭ ಮೊದಲ ಮೂರು ವಾರದೊಳಗೆ ಬಂದರೆ ಮುಚ್ಚಿ ಹೊಸದಕ್ಕೆ ಹೋಗ್ತೀನಿ. ಆಗ ಎದುರಿಗಿರೋದು 1 ಗಳಿಸೋಕೆ 9 ಪಣಕ್ಕಿಡುವ ಟ್ರೇಡ್, ಅದೂ ಇನ್ನೂ ಮೂರು ವಾರಕ್ಕಿಂತ ಹೆಚ್ಚು. ತಡವಾಗಿ ಬಂದರೆ, ಇಂಡೆಕ್ಸ್ ಇನ್ನೂ ಸ್ಟ್ರೈಕ್‌ನಿಂದ ದೂರ ಇದ್ದರೆ, ಸುಮ್ಮನೆ ಬಿಡ್ತೀನಿ. ಕೊನೆಯ ದಿನಗಳಲ್ಲಿ ಸ್ಟ್ರೈಕ್‌ನ ಹತ್ತಿರವೇ ಸುಳಿದಾಡುತ್ತಿದ್ದರೆ ಮಾತ್ರ ಗಾಮಾ ಹೆಚ್ಚಿ ಒಂದೇ ದಿನದಲ್ಲಿ ಲಾಭ ಪೂರ್ತಿ ನಷ್ಟವಾಗಬಹುದು, ಷೇರು ಆಪ್ಷನ್ ಆದರೆ ಅಸೈನ್‌ಮೆಂಟ್ ತಲೆನೋವೂ ಇದೆ. ಅಲ್ಲಿ ಎಷ್ಟು ಶೇಕಡಾ ಬಂದಿದೆ ಅಂತ ನೋಡದೆ ಮುಚ್ಚ್ತೀನಿ.