ಏರುವ ಷೇರಿಗೆ ಸೇರಿಸುವ ಮೊದಲು ಸ್ಟಾಪ್‌ಲಾಸ್ ಮೇಲಕ್ಕೆ ಬರಲಿ

ಪ್ರಶ್ನೆ: ಸರ್, ನಂದು ರಾಯಚೂರು ಎಪಿಎಂಸಿಯಲ್ಲಿ ಹತ್ತಿ ದಲಾಲಿ ಅಂಗಡಿ. ಷೇರಿಗೆ ಇಟ್ಟ ಬಂಡವಾಳ 5 ಲಕ್ಷ. ಒಂದು ಷೇರಿನಲ್ಲಿ 5,000ಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಅಂತ ಮಿತಿ ಹಾಕಿಕೊಂಡಿದ್ದೆ. 400 ರೂಪಾಯಿಗೆ 250 ಷೇರು ತಗೊಂಡು 380ಕ್ಕೆ ಇಳಿದರೆ ಮಾರಿಬಿಡುವಂತೆ ಸ್ಟಾಪ್‌ಲಾಸ್ ಇಟ್ಟೆ. 410ಕ್ಕೆ ಏರಿದಾಗ ಇನ್ನೂ 250 ಸೇರಿಸಿದೆ. ಆಮೇಲೆ ಬಿದ್ದು ಸ್ಟಾಪ್‌ಲಾಸ್ ಹೊಡೆಯಿತು, 12,500 ಹೋಯಿತು. ಗೆಲ್ಲುವ ಷೇರಿಗೆ ಸೇರಿಸಬೇಕು ಅಂತಾರಲ್ಲ, ಎಲ್ಲಿ ತಪ್ಪಿತು?

ಉತ್ತರ: ಸೇರಿಸಿದ್ದು ತಪ್ಪಲ್ಲ. ಸ್ಟಾಪ್‌ಲಾಸನ್ನು 380ರಲ್ಲೇ ಬಿಟ್ಟು ಸೇರಿಸಿದ್ದು ತಪ್ಪು. ಮೊದಲ ಖರೀದಿಗೇ ನಿಮ್ಮ ಮಿತಿ ಪೂರ್ತಿ ಮುಗಿದಿತ್ತು: 250 ಷೇರು, ತಲಾ 20 ರೂಪಾಯಿ, ಒಟ್ಟು 5,000. ಎರಡನೇ ಕಂತಿನಲ್ಲಿ ತಲಾ 30 ರೂಪಾಯಿ ರಿಸ್ಕ್, ಅಂದರೆ ಇನ್ನೂ 7,500. ಆಗ ಷೇರು ಲಾಭದಲ್ಲಿತ್ತು, ಹಾಗಾಗಿ ಇದು ಕಣ್ಣಿಗೆ ಬೀಳಲಿಲ್ಲ.

ನಿಮ್ಮ ಅಂಗಡಿಯ ಉದ್ರಿ ಲೆಕ್ಕದಂತೆಯೇ ಇದು. ಒಬ್ಬರಿಗೆ ಕೊಡುವ ಮಿತಿ ಮುಗಿದ ಮೇಲೆ ಹಳೆಯದರಲ್ಲಿ ಸ್ವಲ್ಪ ವಾಪಸ್ ಬಂದರೆ ತಾನೇ ಹೊಸದಾಗಿ ಕೊಡೋದು? ಇಲ್ಲಿ ವಾಪಸ್ ಬರೋದು ಅಂದರೆ ಸ್ಟಾಪ್‌ಲಾಸ್ ಮೇಲಕ್ಕೆ ಸರಿಯೋದು.

ಲೆಕ್ಕ ಹೀಗಿದೆ. ಹೊಸ ಸ್ಟಾಪ್‌ಲಾಸಿನಲ್ಲಿ ಹಳೆಯ ಷೇರುಗಳಿಂದ ಎಷ್ಟು ಹೋಗುತ್ತದೆ ನೋಡಿ, ಅದನ್ನು ಮಿತಿಯಿಂದ ಕಳೆಯಿರಿ. ಉಳಿದದ್ದನ್ನು ಹೊಸ ಷೇರಿನ ತಲಾ ರಿಸ್ಕಿನಿಂದ ಭಾಗಿಸಿ. ಅದಕ್ಕಿಂತ ಒಂದು ಷೇರೂ ಜಾಸ್ತಿ ಬೇಡ.

ನಿಮ್ಮದೇ ಷೇರಿಗೆ ಹಾಕಿ ನೋಡೋಣ. 410ಕ್ಕೆ ಬಂದಾಗ ಸ್ಟಾಪ್‌ಲಾಸ್ 390ಕ್ಕೆ ತರುತ್ತೀರಿ. ಹಳೆಯ 250ರ ರಿಸ್ಕ್ ಈಗ 2,500. ಮಿತಿಯಲ್ಲಿ ಉಳಿದದ್ದು 2,500, ಹೊಸ ಷೇರಿನ ತಲಾ ರಿಸ್ಕ್ 20. ಅಂದರೆ 125 ಷೇರು ತಗೋಬಹುದು, 250 ಅಲ್ಲ. ಈಗ ಬಿದ್ದರೂ ಹೋಗುವುದು 5,000, ಮೊದಲಿದ್ದಷ್ಟೇ.

ಮುಂದೆ 420 ಬಂದರೆ ಸ್ಟಾಪ್‌ಲಾಸ್ 400ಕ್ಕೆ. ಮೊದಲ ಕಂತಿಗೆ ರಿಸ್ಕ್ ಇಲ್ಲ, ಎರಡನೆಯದಕ್ಕೆ 1,250. ಉಳಿದ 3,750ಕ್ಕೆ 187 ಷೇರು ಬರುತ್ತವೆ. ಆದರೆ ನಾನಾದರೆ 60 ಮಾತ್ರ ತಗೊಳ್ಳುತ್ತೇನೆ. ಮಿತಿಯಲ್ಲಿ ಜಾಗ ಇದ್ದರೂ ಯಾಕೆ ಬಿಡೋದು ಅಂತೀರಾ?

ಯಾಕೆಂದರೆ ಸ್ಟಾಪ್‌ಲಾಸ್ ಇಟ್ಟ ಬೆಲೆಗೇ ಮಾರಾಟ ಆಗುತ್ತದೆ ಅನ್ನುವ ಖಾತರಿ ಇಲ್ಲ. ರಾತ್ರಿ ಕೆಟ್ಟ ಸುದ್ದಿ ಬಂದು, ಬೆಳಗ್ಗೆ 9.15ಕ್ಕೆ ಷೇರು ನೇರ 390ರಲ್ಲಿ ತೆರೆಯಿತು ಅಂದುಕೊಳ್ಳಿ. 60 ಸೇರಿಸಿದ್ದರೆ ಒಟ್ಟು ನಷ್ಟ 6,800. 187 ಸೇರಿಸಿದ್ದರೆ 10,610. ಕಾಗದದ ಮೇಲೆ ಎರಡೂ ಮಿತಿಯೊಳಗೇ ಇದ್ದವು. ಬುಡ ದಪ್ಪ ಇಟ್ಟು ಮೇಲಿನ ಕಂತುಗಳನ್ನು ಸಣ್ಣದು ಮಾಡುತ್ತಾ ಹೋಗುವುದು ಇದಕ್ಕೇ. ಇದೇ ಕಾರಣಕ್ಕೆ ಕಂಪನಿಯ ತ್ರೈಮಾಸಿಕ ಫಲಿತಾಂಶದ ಹಿಂದಿನ ದಿನ ಸೇರಿಸಲೇಬೇಡಿ.

ಇಲ್ಲಿ ಒಂದು ಕಳ್ಳಾಟವೂ ನಡೆಯುತ್ತದೆ. ಜಾಸ್ತಿ ಷೇರು ತಗೊಳ್ಳುವ ಆಸೆಗೆ ಸ್ಟಾಪ್‌ಲಾಸನ್ನು ಬೆಲೆಯ ಬಾಲಕ್ಕೇ ಕಟ್ಟಿಬಿಡುತ್ತಾರೆ. 410ರಲ್ಲಿ ಇರುವಾಗ 405ಕ್ಕೆ ತಂದರೆ ಲೆಕ್ಕದಲ್ಲಿ ಸಾವಿರಕ್ಕೂ ಜಾಸ್ತಿ ಷೇರಿಗೆ ಜಾಗ ಸಿಗುತ್ತದೆ! ಆದರೆ ದಿನಕ್ಕೆ ಸರಾಸರಿ 10 ರೂಪಾಯಿ ಆಡುವ ಷೇರು 5 ರೂಪಾಯಿ ಇಳಿಯಲು ಕಾರಣವೇ ಬೇಕಿಲ್ಲ. ಸುಮ್ನೆ ಹೊಡೆಸಿಕೊಂಡು ಹೊರಬೀಳುತ್ತೀರಿ. ಷೇರು ದಿನಕ್ಕೆ ಸರಾಸರಿ ಎಷ್ಟು ಆಡುತ್ತದೆ ಅಂತ ತೋರಿಸುವ ಎಟಿಆರ್ ಅನ್ನು ಚಾರ್ಟಿನಲ್ಲಿ ಹಾಕಿ ನೋಡಿ, ಅದರ ಎರಡರಷ್ಟು ಅಂತರ ಇರಲಿ. ಮೇಲಿನ ಲೆಕ್ಕದಲ್ಲಿ 20 ರೂಪಾಯಿ ಇಟ್ಟಿದ್ದು ಎಟಿಆರ್ 10 ಅಂತ ಹಿಡಿದು.

1983ರಲ್ಲಿ ಅಮೆರಿಕದ ಟ್ರೇಡರ್ ರಿಚರ್ಡ್ ಡೆನಿಸ್ ತನ್ನ ‘ಟರ್ಟಲ್’ ಶಿಷ್ಯರಿಗೆ ಕಲಿಸಿದ ನಿಯಮವನ್ನು ಬಹಳ ಜನ ಹಾಗೇ ಎತ್ತಿಕೊಳ್ಳುತ್ತಾರೆ. ಅರ್ಧ ಎಟಿಆರ್ ಏರಿದಾಗಲೆಲ್ಲ ಅಷ್ಟೇ ಗಾತ್ರದ ಇನ್ನೊಂದು ಕಂತು, ಒಟ್ಟು ನಾಲ್ಕು. ಹಳೆಯ ಸ್ಟಾಪ್‌ಲಾಸೂ ಅಷ್ಟೇ ಮೇಲೆ ಬರುತ್ತದೆ, ನಿಜ. ಆದರೂ ಮೊದಲ ಕಂತಿಗೆ ಬಂಡವಾಳದ ಶೇ. 2ರಷ್ಟಿದ್ದ ರಿಸ್ಕ್ ನಾಲ್ಕನೆಯದಕ್ಕೆ ಶೇ. 5 ಆಗುತ್ತದೆ. ಅವರು ಹಲವು ಫ್ಯೂಚರ್ಸ್ ಮಾರುಕಟ್ಟೆಗಳಲ್ಲಿ ಹಂಚಿ ಆಡುತ್ತಿದ್ದರು. ಒಂದೆರಡು ಷೇರು ಇಟ್ಟುಕೊಂಡ ನಿಮಗೆ ಅದು ಹೊಂದುವುದಿಲ್ಲ.

ಕೊನೆಗೆ ಆರ್ಡರ್ ಹಾಕುವ ಕ್ರಮ. ಮೊದಲು ಹಳೆಯ ಜಿಟಿಟಿಯ, ಅಂದರೆ ಇಟ್ಟ ಬೆಲೆ ಮುಟ್ಟುವವರೆಗೆ ಕಾದಿರುವ ಸ್ಟಾಪ್‌ಲಾಸ್ ಆರ್ಡರಿನ, ಬೆಲೆ ಮೇಲೆ ತನ್ನಿ, ಆಮೇಲೆ ಖರೀದಿ ಮಾಡಿ, ತಕ್ಷಣ ಜಿಟಿಟಿಯಲ್ಲಿ ಷೇರು ಸಂಖ್ಯೆ ತಿದ್ದಿ. ಹೊಸದಾಗಿ ತಗೊಂಡ ಷೇರು ಹಳೆಯ ಆರ್ಡರಿಗೆ ತಾನಾಗಿ ಸೇರಿಕೊಳ್ಳುವುದಿಲ್ಲ. 250ಕ್ಕೆ ಮಾತ್ರ ಇದ್ದರೆ ಉಳಿದ 125 ಷೇರು ಸ್ಟಾಪ್‌ಲಾಸ್ ಇಲ್ಲದೆ ಕೂತಿರುತ್ತವೆ.